ತಾರಸಿಯ ಗೋಡೆಯೂ ಅದರ ಮೇಲಣ ಕಂಬಿಯೂ

ತಾರಸಿಯ ಅಂಚಿನ ಪ್ಯಾರಾಪೆಟ್ ಗೋಡೆ ಗಿಡ್ಡವೆಂದು ತೋರಿದೊಡನೆ ನಮ್ಮವರು ಅದರ ನೆತ್ತಿಯ ಮೇಲೆ ಕಬ್ಬಿಣದ ಕಂಬಿಯನ್ನು ನೆಡಿಸುತ್ತಾರೆ. ಇದರಿಂದ ಅಪಾಯವು ತಗ್ಗುವುದಕ್ಕೆ ಬದಲಾಗಿ ಹೆಚ್ಚಲೂಬಹುದೆಂಬುದು ನನ್ನ ಅಭಿಪ್ರಾಯ.

ಮಿತ್ರರೊಬ್ಬರ ಮನೆಯನ್ನೇ ನೋಡೋಣ. ಅಲ್ಲಿ ಕಾಂಕ್ರೀಟಿನ ಮೇಲೆ 90 ಸೆಂಟಿಮೀಟರ್ ಎತ್ತರದ ಅರ್ಧ ಇಟ್ಟಿಗೆಯ ಗೋಡೆ. ದಪ್ಪ ಸುಮಾರು 11 ಸೆಂಟಿಮೀಟರ್. ಅನಂತರ ನೀರು ಸೋರದಂತೆ 10 ಸೆಂಟಿಮೀಟರ್ ಗಾರೆ ಹಾಕಿದರು. ನಿಂತವರಿಗೆ ಉಳಿದ ಆಸರೆ 80 ಮಾತ್ರ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಸಿದ್ಧವಾದ ನೆಲದಿಂದ ಒಂದು ಮೀಟರಾದರೂ ಇರಬೇಕು. ಆದುದರಿಂದ 30 ಸೆಂಟಿಮೀಟರ್ ಎತ್ತರದ ಕಂಬಿ ಬಂದಿತು. ಎತ್ತರವೇನೋ ಸರಿಹೋಯಿತು, ಬಲ?

ಜನರು ಒರಗಿದಾಗ ಪ್ರತಿ ಮೀಟರ್ ಉದ್ದಕ್ಕೆ 75 ಕಿಲೋಗ್ರಾಂನಷ್ಟು ನೂಕು ಬೀಳುವುದೆಂದು ಲೆಕ್ಕ ಹಿಡಿಯುವುದು ವಾಡಿಕೆ. ಕಂಬಿಯ ಎತ್ತರ ಬುಡದಿಂದ 1.2 ಮೀಟರ್, ಗೋಡೆಯನ್ನು ಹೊರಕ್ಕೆ ಮಗುಚುವ ಶಕ್ತಿ 75ನ್ನು 1.2ರಿಂದ ಗುಣಿಸಿದರೆ 90. ಅಷ್ಟೇ ಉದ್ದದ ಗೋಡೆಯ ತೂಕ ಸುಮಾರು 190 ಕಿಲೋಗ್ರಾಂ. ಅದು ತಡೆಯುವುದು ತನ್ನ ಅರ್ಧ ದಪ್ಪದ ಸನ್ನೆಯಿಂದ. ಗುಣಿಸಿದರೆ ಕೇವಲ 10. ಇಡೀ ಇಟ್ಟಿಗೆಯ, 23 ಸೆಂಟಿಮೀಟರಿನ ಗೋಡೆಯಾದರೂ 45 ಮಾತ್ರ. ಕಂಬಿಯಿಲ್ಲದೆ ಗೋಡೆಯ ನೆತ್ತಿಗೇ ಒರಗಿದ್ದರೆ ಮಗುಚುವ ಶಕ್ತಿ 68ರಷ್ಟೇ ಇರುತ್ತಿತ್ತು. ಕಂಬಿಯು ಸನ್ನೆಯನ್ನು ಉದ್ದ ಮಾಡಿತು, ಗೋಡೆಗೆ ಬಲವನ್ನು ಕೊಡಲಿಲ್ಲ.

ಉಳಿದುದನ್ನೆಲ್ಲ ಹೊರುವುದು ಬುಡದ ಗಾರೆಯ ಹಿಡಿತ. ಆದರೆ ಬಿಸಿಲಿಗೆ ತಾರಸಿಯ ಕಾಂಕ್ರೀಟು ಹಿಗ್ಗಿ, ರಾತ್ರಿ ಕುಗ್ಗಿ, ಆ ಹಿಡಿತವನ್ನೇ ಕಡಿಯುತ್ತದೆ. ಹೊರಗಡೆಯಿಂದ ನೋಡಿದಾಗ ತಾರಸಿಯ ಮಟ್ಟದಲ್ಲಿ ಉದ್ದಕ್ಕೂ ಅಡ್ಡ ಬಿರುಕು ಕಂಡರೆ ಆ ಗೋಡೆಗೆ ಒರಗಬಾರದು.

ಹೊಸದಾಗಿ ಕಟ್ಟುವವರು ತಾರಸಿಯ ತೊಲೆಯಿಂದಲೇ ಸರಳುಗಳನ್ನು ಮೇಲಕ್ಕೆ ಬಿಟ್ಟು, ನಡುನಡುವೆ ಕಿರುಗಂಬಗಳನ್ನು ಎರಕ ಹೊಯ್ಯಿಸಲಿ. ಮೇಲಿನ ಕೋಪಿಂಗನ್ನೂ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿಯಾಗಿ ಮಾಡಿ ಅವುಗಳಿಗೆ ಬೆಸೆಯಲಿ. ಕಂಬಿಯ ಕಾಲುಗಳು ಈ ಕಿರುಗಂಬಗಳ ಮೇಲೆಯೇ ನಿಲ್ಲಬೇಕು, ಬರಿಯ ಇಟ್ಟಿಗೆಯ ಮೇಲಲ್ಲ. ಹಳೆಯ ಮನೆಯಲ್ಲಿ ಕಾಲುಗಳನ್ನು ಗೋಡೆಯ ಒಳಬದಿಯಲ್ಲಿ, ಗಾರೆಯ ಕೆಳಗಣ ಕಾಂಕ್ರೀಟಿನ ತೊಲೆಗೆ ಬೋಲ್ಟಿನಿಂದ ಬಿಗಿಸಿ, ಕೊರೆದ ಜಾಗವನ್ನು ನೀರಿಳಿಯದಂತೆ ಮುಚ್ಚಿಸುವುದು ಲೇಸು.

ಕೋಪಿಂಗು ಒಳಕ್ಕೆ ಇಳಿಜಾರಾಗಿ, ಎರಡು ಬದಿಗೂ 5 ಸೆಂಟಿಮೀಟರ್ ಚಾಚಿ, ಚಾಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರುಗಾಲುವೆ ಹೊಂದಿರಲಿ. ಕಂಬಿಯ ಬುಡದಲ್ಲಿ ನೀರು ನಿಂತರೆ ಕಬ್ಬಿಣ ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳುವುದು.

ನನ್ನ ಮಿತ್ರರು ಕಂಬಿಯನ್ನು ಕೀಳಿಸಿ, ಒಳಬದಿಗೆ ತೊಲೆಯ ಮೇಲೆ ನಿಲ್ಲಿಸಿದ್ದಾರೆ. ತಾರಸಿ ಒಂದು ಗೇಣಿನಷ್ಟು ಕಿರಿದಾಯಿತೆಂದು ಮನೆಯವರ ಆಕ್ಷೇಪಣೆ. ಆ ಗೇಣನ್ನು ಬಿಟ್ಟುಕೊಡುವುದೇ ವಿವೇಕ.