ಅರವತ್ತೆಂಟು ಯಾರ ಅಂಕ?

ಎಂಟು ವರ್ಷದ ಹುಡುಗನೊಬ್ಬನ ತಾಯಿ ನನ್ನ ಮೇಜಿನ ಮೇಲೆ ಒಂದು ವರದಿ ಇಟ್ಟರು. ಅದರಲ್ಲಿ ಎರಡೇ ಸಾಲು: ಐಕ್ಯೂ 68, ಸೌಮ್ಯ ಬೌದ್ಧಿಕ ಅಂಗವೈಕಲ್ಯ. ಆಕೆ ಕೇಳಿದ್ದೂ ಎರಡೇ ಮಾತು. "ಸಂತ್ಯಾಗ ನನಗಿಂತ ಮೊದಲ ಇವನ ಚಿಲ್ಲರೆ ಲೆಕ್ಕ ಹೇಳ್ತಾನ್ರೀ ಮೇಡಂ. ಮತ್ತ ಇದರಾಗ ಹಿಂಗ್ಯಾಕ ಬರದಾರ?"

ವರದಿಯ ಜೊತೆ ಉತ್ತರಗಳ ಪುಸ್ತಿಕೆಯನ್ನೂ ತರಿಸಿಕೊಂಡೆ. ಪರೀಕ್ಷೆ ಇಂಗ್ಲಿಷಿನದು. ಪರೀಕ್ಷಕರು ಪ್ರಶ್ನೆಗಳನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿದ್ದರು. ಅಂಕ ಹಾಕುವಾಗ ಮಾತ್ರ ಇಂಗ್ಲಿಷ್ ಕೈಪಿಡಿಯ ಕೋಷ್ಟಕವನ್ನೇ ನೋಡಿದ್ದರು. ಇದು ಅಪರೂಪದ ತಪ್ಪಲ್ಲ. ಹಲವು ವರ್ಷ ನಾನೂ ಇದನ್ನೇ ಮಾಡಿದ್ದೇನೆ. ಇದನ್ನು ನಿಲ್ಲಿಸಬೇಕು ಎನ್ನುವುದೇ ನನ್ನ ತಕರಾರು.

ಐಕ್ಯೂ ಎಂದರೆ ದಪ್ಪಕ್ಷರದಲ್ಲಿ ಬರೆದ ಹೋಲಿಕೆ, ಅಷ್ಟೆ. ಒಂದು ಮಗು ಎಷ್ಟು ಪ್ರಶ್ನೆಗೆ ಸರಿಯಾಗಿ ಉತ್ತರಿಸಿತು ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದೇ ವಯಸ್ಸಿನ ನೂರಾರು ಮಕ್ಕಳಿಗೆ ಅವೇ ಪ್ರಶ್ನೆಗಳನ್ನು, ಅವೇ ಮಾತುಗಳಲ್ಲಿ ಕೇಳಿ, ಅವರ ಸರಾಸರಿಯನ್ನು 100 ಎಂದು ಇಟ್ಟುಕೊಂಡಾಗ ಈ ಮಗು ಎಲ್ಲಿ ನಿಲ್ಲುತ್ತದೆ ಎಂದು ಕೋಷ್ಟಕ ಹೇಳುತ್ತದೆ. ಆ ಕೋಷ್ಟಕಕ್ಕೆ ಮಾನಕ ಅಥವಾ ನಾರ್ಮ್ಸ್ ಎಂದು ಹೆಸರು. ಮಾತು ಬದಲಾದರೆ ಪ್ರಶ್ನೆ ಬದಲಾಯಿತು. ಹಳೆಯ ಕೋಷ್ಟಕ ಆ ಹೊಸ ಪ್ರಶ್ನೆಯದಲ್ಲ.

ಪರೀಕ್ಷೆಯ ನಿಜವಾದ ಪ್ರಶ್ನೆಗಳನ್ನು ನಾವು ಹೊರಗೆ ಹೇಳುವಂತಿಲ್ಲ. ಅದೇ ಜಾಡಿನ ಒಂದನ್ನು ಹೇಳುತ್ತೇನೆ. ಮಾವಿಗೂ ಬಾಳೆಗೂ ಏನು ಸಾಮ್ಯ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಮಗು ಎರಡನ್ನೂ ಒಂದು ವರ್ಗಕ್ಕೆ ಸೇರಿಸಿ ಅದರ ಹೆಸರನ್ನು ತಾನೇ ಹುಡುಕಬೇಕು. ಕನ್ನಡದಲ್ಲಿ "ಮಾವಿನಹಣ್ಣು, ಬಾಳೆಹಣ್ಣು" ಎಂದ ಕೂಡಲೇ ಉತ್ತರ ಪ್ರಶ್ನೆಯೊಳಗೇ ಬಂದುಬಿಟ್ಟಿತು. ಹೀಗೆ ಅನುವಾದ ಕೆಲವು ಪ್ರಶ್ನೆಗಳನ್ನು ಸುಲಭ ಮಾಡುತ್ತದೆ.

ಕೆಲವನ್ನು ಕಷ್ಟವೂ ಮಾಡುತ್ತದೆ. ಅಂಕಿಗಳನ್ನು ಕೇಳಿಸಿಕೊಂಡು ಅದೇ ಕ್ರಮದಲ್ಲಿ ಮರಳಿ ಹೇಳುವ ಭಾಗವನ್ನು ನೋಡಿ. ಅನುವಾದಕ್ಕೆ ಇದಕ್ಕಿಂತ ಸುಲಭವಾದದ್ದು ಯಾವುದಿದೆ ಅನಿಸುತ್ತದೆ. ಆದರೆ ಬೆರಳು ಮಡಚಿ ಎಣಿಸಿ: ಇಂಗ್ಲಿಷಿನಲ್ಲಿ ಒನ್‌ನಿಂದ ನೈನ್‌ವರೆಗೆ 'ಸೆವೆನ್' ಒಂದನ್ನು ಬಿಟ್ಟು ಎಲ್ಲವೂ ಒಂದೊಂದೇ ಸಿಲಬಲ್, ಒಟ್ಟು 10. ಕನ್ನಡದ ಒಂದರಿಂದ ಒಂಬತ್ತರಲ್ಲಿ 'ಎರಡು', 'ಒಂಬತ್ತು' ಮೂರು ಮೂರು, ಉಳಿದವು ಎರಡೆರಡು, ಒಟ್ಟು 20. ಆಡುಮಾತಿನಲ್ಲಿ ಎರಡು 'ಎಲ್ಡು' ಆಗಿ ಕೊಂಚ ಮೊಟಕಾದರೂ ಅಂತರ ಉಳಿಯುತ್ತದೆ. ನಾವು ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಒಳಗೊಳಗೇ ಹೇಳಿಕೊಳ್ಳುತ್ತಾ. ಹೇಳಲು ಹೆಚ್ಚು ಹೊತ್ತು ಬೇಕಾದರೆ ಕಡಿಮೆ ಅಂಕಿಗಳು ಹಿಡಿಯುತ್ತವೆ. ಎಲ್ಲಿಸ್ ಮತ್ತು ಹೆನ್ನೆಲಿ 1980ರಲ್ಲಿ ವೇಲ್ಸ್‌ನ ದ್ವಿಭಾಷಿಗಳಲ್ಲಿ ಇದನ್ನೇ ತೋರಿಸಿದರು. ವೆಲ್ಷ್ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಸಮಯ ಬೇಕು. ಅದೇ ಜನರಿಗೆ ವೆಲ್ಷ್‌ನಲ್ಲಿ ಇಂಗ್ಲಿಷಿಗಿಂತ ಕಡಿಮೆ ಅಂಕಿಗಳು ನೆನಪಿದ್ದವು. ಅಲ್ಲಿ ಸೋತದ್ದು ನೆನಪಿನ ಶಕ್ತಿಯಲ್ಲ. ನಮ್ಮ ಹುಡುಗ ಕನ್ನಡದ ನಾಲ್ಕು ಅಂಕಿಗಳನ್ನು ಸರಿಯಾಗಿ ಹೇಳಿ ಐದರಲ್ಲಿ ಎಡವಿದ್ದ. ಆ ನಾಲ್ಕನ್ನು ಇಂಗ್ಲಿಷ್ ಮಕ್ಕಳ ನಾಲ್ಕರ ಜೊತೆ ಹೋಲಿಸಿ ಅವನ ಅಂಕ ಇಳಿಸಲಾಗಿತ್ತು.

"ಸುಲಭವಾದದ್ದೂ ಉಂಟು, ಕಷ್ಟವಾದದ್ದೂ ಉಂಟು, ಸರಿದೂಗಲಿಲ್ಲವೇ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಎರಡರ ತೂಕವೂ ಗೊತ್ತಿಲ್ಲದೆ ತಕ್ಕಡಿ ಸರಿದೂಗಿತು ಎಂದು ಹೇಗೆ ಹೇಳುವುದು?

ಹಾಗಾದರೆ ನಮ್ಮವೇ ಪರೀಕ್ಷೆಗಳಿಲ್ಲವೇ? ಇವೆ. ಧಾರವಾಡದಲ್ಲಿ ವಿ.ವಿ. ಕಾಮತರು 1930ರ ದಶಕದಲ್ಲೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳ ಮೇಲೆ ಪ್ರಯೋಗಿಸಿ ಹೊಂದಿಸಿದ್ದರು. ಬರೀ ಅನುವಾದಕ್ಕೆ ನಿಲ್ಲದೆ ಇಲ್ಲಿನ ಮಕ್ಕಳನ್ನೇ ಅಳತೆಗೋಲಾಗಿ ಇಟ್ಟುಕೊಂಡದ್ದು ಅವರ ದೊಡ್ಡತನ. ಬಿನೆ-ಕಾಮತ್ ಪರೀಕ್ಷೆಯೂ, 1969ರ ಮ್ಯಾಲಿನ್ ಪರೀಕ್ಷೆಯೂ ನಮ್ಮ ಕ್ಲಿನಿಕ್ಕುಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಆದರೆ ಅವುಗಳ ಮಾನಕ ಅಜ್ಜ-ಅಜ್ಜಿಯರ ಕಾಲದ ಮಕ್ಕಳದು. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳ ಅಂಕ ಏರುತ್ತಾ ಬಂದಿದೆ. ಹಲವು ದೇಶಗಳಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕ. ಫ್ಲಿನ್ ಪರಿಣಾಮ ಎಂಬ ಹೆಸರಿನಿಂದ ಇದು ಪ್ರಸಿದ್ಧ. ಹಳೆಯ ಮಾನಕದಲ್ಲಿ ಅಳೆದರೆ ಇಂದಿನ ಮಗು ಇದ್ದದ್ದಕ್ಕಿಂತ ಜಾಣನಾಗಿ ಕಾಣುತ್ತದೆ. ಹಾಗೆ 78 ಪಡೆದ ಹುಡುಗಿಯೊಬ್ಬಳು ನನಗೆ ನೆನಪಿದ್ದಾಳೆ. ಹತ್ತು ವರ್ಷವಾದರೂ ಸ್ನಾನ, ಬಟ್ಟೆಗೆ ನೆರವು ಬೇಕಿತ್ತು. ಅಂಕ 70ಕ್ಕಿಂತ ಮೇಲಿದೆ ಎಂದು ಅವಳಿಗೆ ಪ್ರಮಾಣಪತ್ರ ಸಿಗಲಿಲ್ಲ. ಒಂದು ತಪ್ಪು ಇಲ್ಲದ ಕೊರತೆಯನ್ನು ಅಂಟಿಸುತ್ತದೆ, ಇನ್ನೊಂದು ಇರುವ ಕೊರತೆಯನ್ನು ಮುಚ್ಚುತ್ತದೆ.

ಮಾತೇ ಬೇಡ, ಚಿತ್ರ, ಆಕೃತಿಗಳ ಪರೀಕ್ಷೆ ಕೊಟ್ಟರಾಯಿತು ಎನ್ನುವವರಿದ್ದಾರೆ. ಸಂಸ್ಕೃತಿಯ ಸೋಂಕಿಲ್ಲ ಎಂದು ನಂಬಿದ್ದ ರೇವನ್ ಮಾದರಿಯ ಪರೀಕ್ಷೆಗಳಲ್ಲೇ ಈ ಏರಿಕೆ ಹೆಚ್ಚಾಗಿ ಕಂಡಿತು. ಒಂದೆರಡು ತಲೆಮಾರಿನಲ್ಲಿ ಮನುಷ್ಯನ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಪುಸ್ತಕ, ಆಟಿಕೆ, ಬದುಕು. ಅಂದರೆ ಅವುಗಳಲ್ಲೂ ಬದುಕಿನ ಸೋಂಕಿದೆ.

ಇನ್ನು 68ಕ್ಕೆ ಬರೋಣ. ಎಲ್ಲವೂ ಸರಿಯಿದ್ದಾಗಲೂ ಯಾವ ಪರೀಕ್ಷೆಯೂ ಒಂದೇ ಬಿಂದುವನ್ನು ಕೊಡುವುದಿಲ್ಲ. ಪರೀಕ್ಷೆಯ ವಿಶ್ವಾಸಾರ್ಹತೆ 0.91 ಎಂದುಕೊಳ್ಳಿ, ಅದು ಒಳ್ಳೆಯ ಪರೀಕ್ಷೆಯೇ. ಅಂಕಗಳ ಹರವು 15 ಆದರೆ ಅಳತೆಯ ದೋಷ 4.5. ಅದರ ಎರಡು ಪಟ್ಟನ್ನು ಅತ್ತ ಇತ್ತ ಇಟ್ಟರೆ 68 ಎಂಬುದು 59ರಿಂದ 77ರವರೆಗಿನ ಒಂದು ಪಟ್ಟಿ. 70ರ ಗೆರೆ ಆ ಪಟ್ಟಿಯ ಒಳಗೇ ಇದೆ. ಈ ಲೆಕ್ಕವೂ ಮಾನಕ ತಯಾರಿಸಿದ ಮಕ್ಕಳಂಥದೇ ಮಗುವಿಗೆ ಮಾತ್ರ ಹೊಂದುತ್ತದೆ. ಅನುವಾದದ ದೋಷ ಇದರಲ್ಲಿ ಸೇರಿಲ್ಲ, ಸೇರಿಸುವ ಸೂತ್ರವೂ ಇಲ್ಲ.

ನಾನು ಹುಡುಗನಿಗೆ ಅದೇ ಪರೀಕ್ಷೆ ಮತ್ತೆ ಕೊಡಲಿಲ್ಲ. ಪ್ರಶ್ನೆಗಳ ಪರಿಚಯವೇ ಅಂಕ ಏರಿಸುತ್ತದೆ. ಅವನು ಸುಮ್ಮನಿದ್ದ ಕೆಲವು ಪ್ರಶ್ನೆಗಳನ್ನು ಅವನ ಮಾತಿನಲ್ಲಿ ಕೇಳಿದೆ. "ಇವು ಹೇಗೆ ಹೋಲುತ್ತವೆ?" ಎಂದಾಗ ಬಾಯಿ ಬಿಡದಿದ್ದವನು, "ಎರಡರಾಗೂ ಒಂದ ಥರ ಏನೈತಿ?" ಎಂದಾಗ ಥಟ್ಟನೆ ಹೇಳಿದ. ಇದಕ್ಕೆ ಅಂಕ ಕೊಡುವಂತಿಲ್ಲ, ಆದರೆ ವರದಿಯಲ್ಲಿ ಬರೆಯಬೇಕು. ಮನೆಯಲ್ಲಿ, ಸಂತೆಯಲ್ಲಿ ಅವನು ಏನೇನು ಮಾಡುತ್ತಾನೆಂದು ತಾಯಿಯನ್ನು ವಿವರವಾಗಿ ಕೇಳಿದೆ. ಒಬ್ಬನೇ ಬಸ್ಸಿನಲ್ಲಿ ಅತ್ತೆಯ ಊರಿಗೆ ಹೋಗಿಬರುತ್ತಾನೆ, ತಂಗಿಯನ್ನು ನೋಡಿಕೊಳ್ಳುತ್ತಾನೆ. ದಿನನಿತ್ಯದ ಬದುಕಿನಲ್ಲೂ ಕೊರತೆ ಕಾಣದೆ ಬೌದ್ಧಿಕ ಅಂಗವೈಕಲ್ಯ ಎಂದು ಬರೆಯುವಂತಿಲ್ಲ. ವ್ಯಾಖ್ಯೆಯಲ್ಲೇ ಆ ಷರತ್ತು ಇದೆ. ಹಾಗೆಂದು ಅವನಿಗೆ ತೊಂದರೆಯೇ ಇರಲಿಲ್ಲ ಎಂದಲ್ಲ. ಒತ್ತಕ್ಷರ ಬಂದಲ್ಲೆಲ್ಲ ಓದು ನಿಲ್ಲುತ್ತಿತ್ತು. ಕಬ್ಬು ಕಡಿಯಲು ಮನೆಯವರು ಗುಳೆ ಹೋದಾಗಲೆಲ್ಲ ಶಾಲೆ ತಪ್ಪಿತ್ತು.

ನನ್ನ ವರದಿಯಲ್ಲಿ ಒಟ್ಟು ಐಕ್ಯೂ ಬರೆಯಲಿಲ್ಲ. ಯಾವ ಪರೀಕ್ಷೆ, ಯಾರ ಮಾನಕ, ಯಾವ ಭಾಷೆಯಲ್ಲಿ ಕೇಳಿದ್ದು, ಎಲ್ಲಿ ಮಾತು ಬದಲಿಸಿದ್ದು ಎಂದು ಬರೆದೆ. ಬೌದ್ಧಿಕ ಅಂಗವೈಕಲ್ಯಕ್ಕೆ ಆಧಾರವಿಲ್ಲ, ಕಿವಿಯ ತಪಾಸಣೆ ಆಗಬೇಕು, ಓದಿಗೆ ಪ್ರತ್ಯೇಕ ನೆರವು ಬೇಕು, ಒಂದು ವರ್ಷದ ನಂತರ ಮತ್ತೆ ನೋಡಬೇಕು ಎಂದು ಮುಗಿಸಿದೆ.

ಸಂಖ್ಯೆ ಇಲ್ಲದಿದ್ದರೆ ಕಚೇರಿಯಲ್ಲಿ ಕಡತ ಮುಂದೆ ಹೋಗುವುದಿಲ್ಲ ಎನ್ನುತ್ತಾರೆ. ನಿಜ. ಸಂಖ್ಯೆ ಕೊಡಲೇಬೇಕಾದಲ್ಲಿ ಪಟ್ಟಿಯಾಗಿ ಕೊಡೋಣ, ಯಾರೊಡನೆ ಹೋಲಿಸಿದ ಸಂಖ್ಯೆ ಎಂಬುದನ್ನು ಅದರ ಪಕ್ಕದಲ್ಲೇ ಬರೆಯೋಣ. ಅಷ್ಟು ಬರೆಯಲು ಎರಡು ಸಾಲು ಸಾಕು. ಆ ತಾಯಿ ತಂದ ವರದಿಯಲ್ಲೂ ಇದ್ದದ್ದು ಎರಡೇ ಸಾಲು. ಆ ಎರಡು ಸಾಲನ್ನು ನೋಡಿಯೇ ಶಾಲೆಯವರು ಹುಡುಗನನ್ನು ಹಿಂದಿನ ಬೆಂಚಿಗೆ ಕೂರಿಸಿ, ಅಕ್ಷರ ತಿದ್ದಿಸುವುದನ್ನೇ ಬಿಟ್ಟಿದ್ದರು.