ಸೂರ್ಯೋದಯಕ್ಕೆ ಟೈಮಿದೆ, ಹೊಟ್ಟೆಗೆ ಇಲ್ಲ

ವೀಕೆಂಡ್ ಟ್ರೆಕ್‌ನ ಜಾಹೀರಾತನ್ನ ಒಮ್ಮೆ ಪೂರ್ತಿ ಓದಿ ನೋಡಿ. ಬಸ್ ಎಲ್ಲಿಂದ ಹೊರಡುತ್ತೆ, ಯಾವ ಶೂ ಹಾಕ್ಕೋಬೇಕು, ಟಾರ್ಚ್ ತರಬೇಕಾ, ಸೂರ್ಯೋದಯ ಎಷ್ಟು ಹೊತ್ತಿಗೆ, ಎಲ್ಲಾ ಇರುತ್ತೆ. ನಲವತ್ತು ಜನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ಇರಲ್ಲ. ಕೇಳಿದರೆ ಲೀಡರ್ ನಗ್ತಾನೆ. 'ಒಂದು ದಿನ ತಡ್ಕೊಳ್ಳಿ ಬ್ರೋ, ಅಡ್ವೆಂಚರ್ ಅಂದ್ರೆ ಸುಮ್ನೇನಾ?'

ನನ್ನ ಜಗಳ ಈ ಮಾತಿನ ಜೊತೆ. ತಡ್ಕೊಳ್ಳೋದು ಸಾಹಸ ಅಲ್ಲ. ಪೈಲ್ಸ್ ಇರೋರಿಗೆ ಅದು ಎರಡು ವಾರದ ನೋವಿಗೆ ಕೊಡೋ ಅಡ್ವಾನ್ಸ್.

ಪಾಂಡವಪುರದ ಕುಂತಿ ಬೆಟ್ಟವನ್ನೇ ತಗೊಳ್ಳಿ. ಮಂಡ್ಯ ಜಿಲ್ಲೆಯಲ್ಲಿ ಬೆಂಗಳೂರಿನ ಐಟಿ ಹುಡುಗರು ಹೆಚ್ಚು ಹತ್ತಿರೋ ಬೆಟ್ಟಗಳಲ್ಲಿ ಅದೂ ಒಂದು. ನೈಟ್ ಟ್ರೆಕ್ ಅಂತ ಮಾರೋ ಪ್ಯಾಕೇಜಿನ ಲೆಕ್ಕ ಹೆಚ್ಚುಕಡಿಮೆ ಹೀಗೆ: ರಾತ್ರಿ ಹತ್ತಕ್ಕೆ ಬೆಂಗಳೂರು ಬಿಡೋದು, ನಡುರಾತ್ರಿ ಕಳೆದ ಮೇಲೆ ಬುಡಕ್ಕೆ ತಲುಪೋದು, ಕತ್ತಲಲ್ಲಿ ಬಂಡೆ ಹತ್ತೋದು, ಆರೂವರೆಗೆ ಸೂರ್ಯನ ಫೋಟೋ, ಎಂಟಕ್ಕೆ ಇಳಿದು ತಿಂಡಿ, ತಕ್ಷಣ ಆಟ ಅಥವಾ ಬಸ್ಸು. ಇದರಲ್ಲಿ ನಿದ್ದೆ ಇಲ್ಲ, ಸರಿಯಾಗಿ ನೀರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಡಿ ಆದ ಮೇಲಿನ ಅರ್ಧ ಗಂಟೆ ಇಲ್ಲ.

ಆ ಅರ್ಧ ಗಂಟೆಯಲ್ಲಿ ಏನಿದೆ ಅಂತೀರಾ? ಹೊಟ್ಟೆಗೆ ಊಟ ಅಥವಾ ಬಿಸಿ ಕಾಫಿ ಬಿದ್ದಾಗ ದೊಡ್ಡ ಕರುಳು ಎಚ್ಚರಾಗಿ, ತನ್ನಲ್ಲಿರೋದನ್ನ ಕೆಳಕ್ಕೆ ತಳ್ಳುತ್ತೆ. ಬೆಳಗಿನ ಹೊತ್ತು ಇದು ಜೋರು. ಗುದನಾಳ ತುಂಬಿ ಹಿಗ್ಗಿದಾಗ ನಮಗೆ ಕರೆ ಬರುತ್ತೆ. ಆ ಕರೆಗೆ ಹೋಗದೆ ಬಿಗಿ ಹಿಡಿದರೆ ಕೊಂಚ ಹೊತ್ತಿಗೆ ಅದು ತಣ್ಣಗಾಗುತ್ತೆ. 'ಹೋಯ್ತು, ಸಮಸ್ಯೆ ಮುಗೀತು' ಅಂತ ನಾವು ಅಂದ್ಕೊತೀವಿ. ಮುಗಿದಿರೋದು ಕರೆ ಮಾತ್ರ, ಸರಕು ಅಲ್ಲೇ ಇದೆ. ಕರುಳು ಅದರಿಂದ ನೀರು ಹೀರ್ತಾನೇ ಇರುತ್ತೆ. ಮೊದಲೇ ಬೆವರಿ ಒಣಗಿರೋ ದೇಹ ಆದ್ದರಿಂದ ಇನ್ನೂ ಆಸೆಯಿಂದ ಹೀರುತ್ತೆ. ಸಂಜೆ ಮನೆಯಲ್ಲಿ ಕೂತಾಗ ಬರೋದು ಬೆಳಗಿನ ಮೆತ್ತನೆ ಮಲ ಅಲ್ಲ, ಬೆಣಚುಕಲ್ಲು.

ಈಗ ಮುಕ್ಕೋದು ಶುರು. ಪೈಲ್ಸ್ ಅಂದರೆ ಹೊಸದಾಗಿ ಹುಟ್ಟೋ ಗೆಡ್ಡೆ ಅಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ನಮಗೆಲ್ಲರಿಗೂ ಇವೆ, ಬಾಯಿ ಸರಿಯಾಗಿ ಮುಚ್ಚಿಕೊಳ್ಳೋಕೆ ಅವೇ ನೆರವಾಗೋದು. ಉಸಿರು ಕಟ್ಟಿ ಮುಕ್ಕಿದಾಗ ಅವುಗಳಲ್ಲಿ ರಕ್ತ ತುಂಬಿ ಊದುತ್ತೆ, ಗಟ್ಟಿ ಮಲ ತರಚಿಕೊಂಡು ಹೋಗುತ್ತೆ. ವರ್ಷಗಟ್ಟಲೆ ಹೀಗೇ ಆದರೆ ಮೆತ್ತೆಯ ಹಿಡಿತ ಸಡಿಲವಾಗಿ ಹೊರಗೆ ಜಾರುತ್ತೆ. ಒಂದು ಟ್ರೆಕ್‌ನಿಂದ ಮೂಲವ್ಯಾಧಿ ಹುಟ್ಟಲ್ಲ, ನಿಜ. ಆದರೆ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು, ಕಮೋಡಿನ ಮೇಲೂ ಫೋನ್ ಹಿಡಿದು ಅರ್ಧ ಗಂಟೆ ಕಳೆಯೋ ನಮ್ಮಂಥವರಲ್ಲಿ ಅದು ಎಷ್ಟೋ ಜನಕ್ಕೆ ಮೊದಲೇ ಇರುತ್ತೆ. ಟ್ರೆಕ್ ಅದನ್ನ ಕೆರಳಿಸುತ್ತೆ.

ಸಹೋದ್ಯೋಗಿಯೊಬ್ಬರ ಕತೆ ಹೇಳ್ತೀನಿ. ವಯಸ್ಸು ಮೂವತ್ತೆರಡು, ಮೊದಲ ಹಂತದ ಪೈಲ್ಸ್. ಅಂದರೆ ಏನೂ ಹೊರಗೆ ಬರಲ್ಲ, ಗಟ್ಟಿಯಾಗಿ ಹೋದ ದಿನ ಕೊನೆಗೆ ನಾಲ್ಕು ಹನಿ ಕೆಂಪು ರಕ್ತ, ನೋವಿಲ್ಲ. ಶನಿವಾರ ರಾತ್ರಿ ಫ್ರೈಡ್ ರೈಸ್ ತಿಂದು ಬಸ್ ಹತ್ತಿದರು. ಮೂತ್ರಕ್ಕೆ ಎಲ್ಲಿ ಹೋಗೋದು ಅಂತ ಹೆದರಿ ಬೆಳಗಿನವರೆಗೆ ಕುಡಿದಿದ್ದು ಎರಡು ಗುಟುಕು ನೀರು. ಸಾಲದ್ದಕ್ಕೆ ಯಾರೋ ಗೆಳೆಯ ಕೊಟ್ಟ 'ಬ್ಲಾಕ್ ಆಗೋ ಮಾತ್ರೆ', ಅಂದರೆ ಲೋಪೆರಮೈಡ್. ಅದು ಭೇದಿ ನಿಲ್ಲಿಸೋ ಔಷಧಿ, ಕರುಳಿನ ಓಡಾಟವನ್ನೇ ನಿಧಾನ ಮಾಡುತ್ತೆ. ಭೇದಿ ಇಲ್ಲದವರು ನುಂಗಿದರೆ ಮಲಬದ್ಧತೆಯನ್ನ ದುಡ್ಡು ಕೊಟ್ಟು ತಂದ ಹಾಗೆ. ಭಾನುವಾರ ಹೋಗಲಿಲ್ಲ. ಸೋಮವಾರ ಮುಕ್ಕಿ ಮುಕ್ಕಿ ಹೋದರು. ಮಧ್ಯಾಹ್ನದ ಹೊತ್ತಿಗೆ ಗುದದ ಅಂಚಲ್ಲಿ ದ್ರಾಕ್ಷಿ ಗಾತ್ರದ ನೀಲಿ ಗಂಟು, ಮೀಟಿಂಗ್‌ನಲ್ಲಿ ಕೂರೋಕಾಗದಷ್ಟು ನೋವು. ಹೊರಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇಂಥದ್ದಕ್ಕೆ ಮೊದಲ ಎರಡು ಮೂರು ದಿನದಲ್ಲೇ ಡಾಕ್ಟರ ಹತ್ತಿರ ಹೋದರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಚಿಕ್ಕದಾಗಿ ಕೊಯ್ದು ತೆಗೆಯಬಹುದು. ಅವರು ನಾಚಿಕೆಯಿಂದ ಶುಕ್ರವಾರದವರೆಗೆ ಕಾದರು. ಅಷ್ಟೊತ್ತಿಗೆ ತಾನಾಗಿ ಕರಗೋಕೆ ಬಿಡೋದೇ ಮೇಲು ಅಂದರು ಡಾಕ್ಟರು. ಬಿಸಿನೀರಿನ ಟಬ್ಬು, ನೋವಿನ ಮಾತ್ರೆ, ಎರಡು ವಾರ ವರ್ಕ್ ಫ್ರಮ್ ಹೋಮ್.

ಈ ಕತೆ ಕೇಳಿ 'ಅದಕ್ಕೇ ನಾನು ಕಮೋಡ್ ಇರೋ ರೆಸಾರ್ಟ್‌ಗೆ ಮಾತ್ರ ಹೋಗೋದು' ಅನ್ನೋರಿಗೆ ಒಂದು ಮಾತು. ಕಮೋಡ್ ಇಲ್ಲದ್ದು ಇಲ್ಲಿ ತೊಂದರೆಯೇ ಅಲ್ಲ. ಕುಕ್ಕರಗಾಲಲ್ಲಿ ಕೂತಾಗ ಗುದನಾಳವನ್ನ ಹಿಂದಿನಿಂದ ಬಿಗಿಹಿಡಿದಿರೋ ಸ್ನಾಯು ಸಡಿಲವಾಗಿ ದಾರಿ ನೆಟ್ಟಗಾಗುತ್ತೆ, ಕಡಿಮೆ ಮುಕ್ಕಿದರೆ ಸಾಕು. ಆ ಲೆಕ್ಕದಲ್ಲಿ ಬಯಲು ನಿಮ್ಮ ಫ್ಲಾಟಿನ ಬಾತ್‌ರೂಮಿಗಿಂತ ವಾಸಿ. ಕೆಡಿಸೋದು ಮೂರು: ತಡೆಹಿಡಿಯೋದು, ನೀರು ಕುಡಿಯದಿರೋದು, ಅವಸರ. ಮೂರೂ ವೇಳಾಪಟ್ಟಿಯ ತಪ್ಪು, ಬೆಟ್ಟದ್ದಲ್ಲ.

ಹಾಗಾಗಿ ಸರಿಪಡಿಸಬೇಕಾದ್ದು ವೇಳಾಪಟ್ಟಿಯನ್ನ. ಮೂರು ನಾಲ್ಕು ದಿನ ಮುಂಚಿನಿಂದ ರಾತ್ರಿ ಒಂದೆರಡು ಚಮಚ ಇಸಬ್ಗೋಲ್, ಜೊತೆಗೆ ದೊಡ್ಡ ಲೋಟ ತುಂಬ ನೀರು. ಹೊರಡೋ ರಾತ್ರಿ ಮೊದಲ ಸಲ ತಗೋಬೇಡಿ, ಹೊಟ್ಟೆ ಉಬ್ಬರಿಸುತ್ತೆ. ನೀರಿಲ್ಲದೆ ತಗೊಂಡರಂತೂ ಅದೇ ಗಟ್ಟಿಯಾಗಿ ಕೂರುತ್ತೆ. ಮಂಡ್ಯದೋರು ಇದಕ್ಕೆ ನಗಬಹುದು, ಮುದ್ದೆ ಸೊಪ್ಪಿನ ಸಾರು ಉಣ್ಣೋ ಮನೆಗೆ ಡಬ್ಬಿಯ ಹೊಟ್ಟು ಯಾಕೆ ಅಂತ. ಸರಿಯೇ, ಅದು ಉಂಡರೂ ಆಯ್ತು. ಕ್ಯಾಂಪಿನ ಮೆನುವಿನಲ್ಲಿ ಮಾತ್ರ ಅದು ಇರಲ್ಲ. ಅಲ್ಲಿರೋದು ಬಾರ್ಬೆಕ್ಯೂ ಚಿಕನ್, ಪರೋಟ, ಬಿಯರ್. ನಾರೇ ಇಲ್ಲ, ಇರೋ ನೀರನ್ನೂ ಬಿಯರ್ ಹೊರಗೆ ಹಾಕುತ್ತೆ.

ನಡೆಯುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು, ಬಿಸಿಲಿದ್ದರೆ ಹೆಚ್ಚು. ಬೆಳಿಗ್ಗೆ ಇಳಿದ ಮೇಲೆ ಎರಡು ಲೋಟ ಬಿಸಿನೀರು, ತಿಂಡಿ, ಕಾಫಿ, ಆಮೇಲೆ ಅರ್ಧ ಗಂಟೆ ಟಾಯ್ಲೆಟ್ ಹತ್ತಿರವೇ ಇರಬೇಕು, ಬಸ್ಸಿನಲ್ಲಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮಂಡ್ಯ, ಮದ್ದೂರು ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಅದರ ಮೇಲೆ ಹತ್ತಿ ಕೂತ ಮೇಲೆ ಕರೆ ಬಂದರೆ ಡ್ರೈವರ್ ಏನು ಮಾಡ್ತಾನೆ? ಮದ್ದೂರಿನಲ್ಲಿ ನಿಲ್ಲಿಸಲೇಬೇಕು ಅಂತ ಹೊರಡೋ ಮುಂಚೆ ಹೇಳಿ. ವಡೆಗೆ ಹತ್ತು ನಿಮಿಷ ಅಲ್ಲ, ಎಲ್ಲರಿಗೂ ಸರದಿ ಸಿಗುವಷ್ಟು ಹೊತ್ತು.

ಕೂತ ಮೇಲೆ ಐದು ನಿಮಿಷ ಸಾಕು. ಬರಲಿಲ್ಲ ಅಂದರೆ ಎದ್ದು ಬನ್ನಿ, ಮುಂದಿನ ಊಟದ ನಂತರ ನೋಡಿ. ಪರಿಮಳದ ವೆಟ್ ವೈಪ್ಸ್ ಬೇಡ, ಕೆರಳಿದ ಚರ್ಮಕ್ಕೆ ಉರಿ, ಮಣ್ಣಲ್ಲೂ ಕರಗಲ್ಲ. ಅರ್ಧ ಲೀಟರ್ ನೀರಿನ ಬಾಟಲಿ ನಮ್ಮ ಹಳೇ ಚೊಂಬಿನ ಕೆಲಸ ಮಾಡುತ್ತೆ. ತೊಳೆದು, ಉಜ್ಜದೆ ಒತ್ತಿ ಒರೆಸಿ. ಕೈಗೆ ಸೋಪು.

ಗುಂಡಿಯ ವಿಷಯ. ಒಂದು ಗೇಣಿನಷ್ಟು, 15ರಿಂದ 20 ಸೆಂಟಿಮೀಟರ್ ಆಳ ತೋಡಿ, ಆಮೇಲೆ ಮುಚ್ಚೋದು ಸರಿಯಾದ ಕ್ರಮ. ಹೊಳೆ, ಕೆರೆಯಿಂದ 60 ಮೀಟರ್ ಆಚೆ, ಎಂಬತ್ತು ಹೆಜ್ಜೆ ಎಣಿಸಿ. ಆದರೆ ಕುಂತಿ ಬೆಟ್ಟ ಬಂಡೆ, ಅಲ್ಲಿ ಎಲ್ಲಿ ತೋಡ್ತೀರಿ? ಬಂಡೆ ಸಂದಿಯಲ್ಲಿ ಬಿಟ್ಟದ್ದು ಮೊದಲ ಮಳೆಗೆ ಬುಡದ ನೀರಿಗೆ ಬರುತ್ತೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಮರಳಿದೆ, ತೋಡೋದು ಸುಲಭ, ಆದರೆ ಅದು ಕಾವೇರಿಯ ದಡ. ಸುತ್ತ ವನ್ಯಧಾಮ, ಆನೆಯಿದೆ, ಹೊಳೆಯಲ್ಲಿ ಮೊಸಳೆಯಿದೆ. ಕತ್ತಲಲ್ಲಿ ಒಬ್ಬರೇ ಚೊಂಬು ಹಿಡ್ಕೊಂಡು ಹೋಗೋ ಜಾಗ ಅಲ್ಲ.

ಅದಕ್ಕೇ ಇದು ವೈಯಕ್ತಿಕ ಶಿಸ್ತಿನಿಂದ ಮಾತ್ರ ಬಗೆಹರಿಯೋ ವಿಷಯ ಅಲ್ಲ. ನಲವತ್ತು ಜನರಿಂದ ದುಡ್ಡು ತಗೊಂಡವನು ಡೇರೆ ತರಬಲ್ಲ, ಸ್ಪೀಕರ್ ತರಬಲ್ಲ ಅಂದರೆ ಒಂದು ಸಣ್ಣ ಮರೆ ಡೇರೆ, ಮುಚ್ಚಳದ ಬಕೆಟ್ ಎರಡು, ಒಂದು ಚೀಲ ತೆಂಗಿನ ನಾರಿನ ಪುಡಿ ಯಾಕೆ ತರಲ್ಲ? ಪ್ರತಿ ಸಲವೂ ಮೇಲೆ ಎರಡು ಹಿಡಿ ಪುಡಿ ಹಾಕಿದರೆ ಒದ್ದೆಯೂ ಹೀರುತ್ತೆ, ವಾಸನೆಯೂ ಇಲ್ಲ. ವಾಪಸ್ ತಂದು ಶೌಚಾಲಯದ ಗುಂಡಿಗೆ ಸೇರಿಸಬೇಕು ಅಷ್ಟೇ. ತೆಂಗಿನ ಸೀಮೆ ಮದ್ದೂರು, ಮಂಡ್ಯದ ದಾರಿಯಲ್ಲೇ ಹೋಗ್ತೀರಲ್ಲ, ಪುಡಿಗೆ ಬರವಾ? ಬರ ಇರೋದು ಕೇಳೋರಿಗೆ. ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ: ಟಾಯ್ಲೆಟ್ ಎಲ್ಲಿದೆ, ನೀರಿದೆಯಾ, ತಿಂಡಿ ಆದ ಮೇಲೆ ಎಷ್ಟು ಹೊತ್ತು ನಿಲ್ತೀರಿ. ಉತ್ತರ ನಗುವಾದರೆ ಬೇರೆಯವರನ್ನ ಹುಡುಕಿ.

ಇನ್ನೊಂದು ಮಾತು ಖಾರವಾಗಿಯೇ ಹೇಳ್ತೀನಿ. 2014ರಿಂದ ಸ್ವಚ್ಛ ಭಾರತ್ ಹೆಸರಲ್ಲಿ ಹಳ್ಳಿಯವರಿಗೆ ಹನ್ನೆರಡು ಸಾವಿರ ಕೊಟ್ಟು, ಗೋಡೆ ಮೇಲೆ ಬರೆಸಿ, ಬಯಲಿಗೆ ಹೋಗೋದು ಅವಮಾನ ಅಂತ ಕಲಿಸಿದ್ವಿ. ಈಗ ಶನಿವಾರ ಶನಿವಾರ ನಾವೇ ಅವರ ಬೆಟ್ಟಕ್ಕೆ ಹೋಗಿ ಅದೇ ಕೆಲಸ ಮಾಡಿ, ಹೆಸರು ಮಾತ್ರ ಕ್ಯಾಂಪಿಂಗ್ ಅಂತ ಇಟ್ಟಿದೀವಿ.

ಕೊನೆಗೆ ಇಷ್ಟು ನೆನಪಿರಲಿ. ಮಲದ ಜೊತೆ ಬೆರೆತ ರಕ್ತ, ಡಾಂಬರಿನಂಥ ಕಪ್ಪು ಮಲ, ನಿಲ್ಲದ ರಕ್ತ, ಜ್ವರ, ಕಾರಣವಿಲ್ಲದೆ ಇಳಿಯೋ ತೂಕ, ಇವಕ್ಕೆಲ್ಲ ಪೈಲ್ಸ್ ಅಂತ ನೀವೇ ಹೆಸರಿಟ್ಟು ಸುಮ್ಮನಾಗಬೇಡಿ. ಹೋಗುವಾಗ ಚಾಕುವಿನಿಂದ ಕೊಯ್ದಂಥ ನೋವಿದ್ದರೆ ಅದು ಬಿರುಕು ಇರಬಹುದು, ಔಷಧಿ ಬೇರೆ. ಎರಡಕ್ಕೂ ಡಾಕ್ಟರ್ ನೋಡಬೇಕು. ಲೀಡರ್ ಅಲ್ಲ.