ಡಿಗ್ರಿ ಇಳಿದ ಹಾಲು

ಚನ್ನಪಟ್ಟಣದ ಕಡೆಯ ಓದುಗರೊಬ್ಬರು ಕಳೆದ ತಿಂಗಳು ಒಂದು ಪತ್ರದ ಕರಡು ಕಳಿಸಿದ್ದರು. ರಾಮನಗರದ ಪತ್ರಿಕೆಯೊಂದರ ಸಂಪಾದಕರಿಗೆ ಬರೆದದ್ದು. ತಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಮೇಲೊಂದು ನುಡಿಚಿತ್ರ ಬರಲಿ ಎಂಬ ಕೋರಿಕೆ. ‘ಸ್ವಲ್ಪ ತಿದ್ದಿಕೊಡಿ ಸಾರ್’ ಅಂದಿದ್ದರು.

ಎರಡು ಪುಟದಲ್ಲಿ ‘ಸಬಲೀಕರಣ’ ಆರು ಸಲ ಬಂದಿತ್ತು, ಹಾಲು ಒಂದು ಸಲ. ಇಂಥ ಪತ್ರವನ್ನು ಯಾವ ಸಂಪಾದಕರಾದರೂ ಪಕ್ಕಕ್ಕಿಡುತ್ತಾರೆ. ನಾನೂ ಇಟ್ಟಿದ್ದೇನೆ. ಕೇಂದ್ರದ ‘ಸ್ಟೆಪ್’ ಯೋಜನೆ 1986–87ರಲ್ಲಿ ಶುರುವಾದ ಮೇಲೆ ರಾಜ್ಯದ ಊರೂರಲ್ಲಿ ಮಹಿಳಾ ಡೇರಿಗಳು ಹುಟ್ಟಿಕೊಂಡವು. ಬಮೂಲ್‌ಗೆ ಹಾಲು ಕಳಿಸುವ ರಾಮನಗರ, ಮಾಗಡಿ, ಕನಕಪುರದ ಓದುಗರಿಗೆ ಹೆಂಗಸರು ಡೇರಿ ನಡೆಸುತ್ತಾರೆ ಎಂಬುದೇ ಸುದ್ದಿಯಾಗಿ ಉಳಿದಿಲ್ಲ.

ಫೋನ್ ಮಾಡಿ, ‘ಬೆಳಿಗ್ಗೆ ಅಲ್ಲಿ ಏನಾಗುತ್ತದಮ್ಮ?’ ಎಂದು ಕೇಳಿದೆ. ಹಾಲು ಪರೀಕ್ಷೆ ಮಾಡುವಾಕೆ ಅದೇ ಊರಿನ ಸೊಸೆಯಂತೆ. ಅತ್ತೆಯೂ ಅಲ್ಲಿಗೇ ಹಾಲು ಹಾಕುತ್ತಾರೆ. ಲ್ಯಾಕ್ಟೋಮೀಟರ್ ಬಿಟ್ಟಾಗ ಒಂದು ಡಿಗ್ರಿ ಇಳಿದರೆ, ಕೊಬ್ಬು ಅಷ್ಟೇ ಇದ್ದರೂ ಎಸ್‌ಎನ್‌ಎಫ್ ಲೆಕ್ಕದಲ್ಲಿ ಶೇ 0.25ರಷ್ಟು ಕಡಿಮೆಯಾಗುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಶೇ 8.5 ಇರಬೇಕಾದ ಕಡೆ ಅದು ತಗ್ಗಿದರೆ ಬಟವಾಡೆಗೆ ಪೆಟ್ಟು. ನೀರು ಬೆರೆತಿರಬಹುದು, ಹಸುವಿನ ಮೇವೇ ಸಾಲದೆ ಇರಬಹುದು. ಡಿಗ್ರಿಯೊಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಒಂದು ದಿನ ಅತ್ತೆಯ ಹಾಲಿನದೇ ಡಿಗ್ರಿ ಇಳಿಯಿತು. ಸೊಸೆ ಕಂಡದ್ದನ್ನೇ ಬರೆದಳು.

‘ಅದನ್ನು ಮೊದಲ ಸಾಲಾಗಿ ಬರೆಯಿರಿ’ ಎಂದೆ. ಅತ್ತೆ–ಸೊಸೆಯರ ಒಪ್ಪಿಗೆ ಕೇಳಿದ ಮೇಲೆ, ಅಷ್ಟೆ.

ಮುಂದಿನದು ಒಂದೇ ಪ್ರಶ್ನೆ: ಬೋರ್ಡಿನಲ್ಲಿ ಹೆಂಗಸರ ಹೆಸರಿದೆ, ತೀರ್ಮಾನ ಯಾರದು? ಇದಕ್ಕೆ ಉತ್ತರ ಭಾಷಣದಲ್ಲಿ ಸಿಗುವುದಿಲ್ಲ. ಸಭೆಯ ನಡವಳಿ ಪುಸ್ತಕದಲ್ಲಿ ಯಾವ ವಿಷಯಕ್ಕೆ ಯಾರು ಆಕ್ಷೇಪ ಎತ್ತಿದರು, ಬಟವಾಡೆ ಯಾರ ಖಾತೆಗೆ ಹೋಗುತ್ತದೆ, ಸಭೆಯ ದಿನ ಗಂಡಂದಿರು ಬಾಗಿಲ ಹೊರಗಿರುತ್ತಾರೋ ಒಳಗೋ, ಇವು ಹೇಳುತ್ತವೆ. ಪುಸ್ತಕ ತೋರಿಸಲು ಆಡಳಿತ ಮಂಡಳಿ ಒಪ್ಪಿದೆಯೇ ಎಂಬುದನ್ನು ಪತ್ರದಲ್ಲೇ ತಿಳಿಸಬೇಕು. ಒಪ್ಪದಿದ್ದರೆ ಅದನ್ನೂ.

ಇನ್ನೊಂದು ವಿಷಯ ಮಾತಿನ ನಡುವೆ ಹೊರಬಿತ್ತು: ಸಂಘದ ಕಾರ್ಯದರ್ಶಿ ಪತ್ರ ಬರೆದವರ ಚಿಕ್ಕಮ್ಮ! ಕರಡಿನಲ್ಲಿ ಅದರ ಸುಳಿವಿರಲಿಲ್ಲ. ನಂಟು ಇರುವುದು ತಪ್ಪಲ್ಲ, ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಸಂಪಾದಕರು ಉಳಿದ ಸಾಲುಗಳನ್ನೂ ನಂಬುವುದಿಲ್ಲ. ಹಾಗಾಗಿ ಈ ಓದುಗರು ಲೇಖನ ತಾವು ಬರೆಯದೆ ಪತ್ರಿಕೆಯ ವರದಿಗಾರರನ್ನೇ ಕರೆಯಲು ಒಪ್ಪಿದರು. ವಾರ್ಷಿಕ ಮಹಾಸಭೆಯ ದಿನ ಬೇಡ, ಅವತ್ತು ಶಾಲು, ಹಾರ, ವೇದಿಕೆ. ಯಾವುದಾದರೂ ಮಾಮೂಲಿ ಬೆಳಿಗ್ಗೆ, ಹಾಲು ಹಾಕುವ ಹೊತ್ತಿಗೆ.

ಹೊಸ ಪತ್ರ ಒಂದೇ ಪುಟ. ಕಳೆದ ಸೋಮವಾರ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.